ಸಂಜೆಯ ಮೀಟರು ಬೆಳಗಿನ ಬಿಲ್ಲಿಗಿಂತ ಹಿಂದೆ

2024ರ ಆಗಸ್ಟ್ 5ರ ಬೆಳಿಗ್ಗೆ ಹತ್ತೂವರೆಗೆ ಮೀಟರ್ ರೀಡರ್ ಬಂದ. ಗೇಟಿನ ಪಕ್ಕದ ಪೆಟ್ಟಿಗೆಯೊಳಗೆ ಇಣುಕಿ, ಕೈಯಲ್ಲಿದ್ದ ಯಂತ್ರದಿಂದ ಬಿಲ್ ಹರಿದು ಕಿಟಕಿಗೆ ಸಿಕ್ಕಿಸಿ ಮುಂದಿನ ಮನೆಗೆ ಹೋದ. ನಮ್ಮ ಬೀದಿಯ ಮೇಷ್ಟ್ರು ಪೇಟೆಯಿಂದ ಬಂದು ಅದನ್ನು ಬಿಡಿಸಿ ನೋಡಿದರೆ 211 ಯೂನಿಟ್. ಅವರ ಮನೆಯಲ್ಲಿ ಅಷ್ಟು ಕರೆಂಟ್ ಯಾವ ತಿಂಗಳೂ ಉರಿದಿರಲಿಲ್ಲ.

"ರೀ, ಮೀಟರ್ ಓಡ್ತಿರಬೇಕು, ಬದಲಾಯಿಸೋಕೆ ಹೇಳಿ" ಎಂದರು ಮನೆಯವರು. ಬಿಲ್ ಜಾಸ್ತಿ ಬಂದಾಗ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಇದೇ. ಆದರೆ ಮೀಟರ್ ಜೋರಾಗಿ ಓಡುವುದು ಬೇರೆ, ಮೀಟರಿನಲ್ಲಿರುವ ಅಂಕಿಯನ್ನು ತಪ್ಪಾಗಿ ಓದುವುದು ಬೇರೆ. ಮೀಟರೇ ಕೆಟ್ಟಿದ್ದರೆ ಅದು ತೋರಿಸುವ ಅಂಕಿಯೂ ಬಿಲ್ಲಿನ ಅಂಕಿಯೂ ಒಂದೇ ಇರುತ್ತವೆ. ಆಗ ಮೀಟರನ್ನು ಪರೀಕ್ಷೆಗೆ ಕಳಿಸಬೇಕು, ಇಲ್ಲವೇ ಮನೆಯೊಳಗೆ ಯಾವುದು ಹೆಚ್ಚು ಎಳೆಯುತ್ತಿದೆ ಎಂದು ಹುಡುಕಬೇಕು. ಎರಡು ಅಂಕಿಗಳೂ ಹೊಂದದಿದ್ದರೆ ತಪ್ಪು ಓದಿದವರದು.

ಇದನ್ನು ತಿಳಿಯಲು ಬೇಕಾದದ್ದು ಮೇಷ್ಟ್ರ ಮೊಬೈಲಿನಲ್ಲೇ ಇತ್ತು. ಗೃಹಜ್ಯೋತಿ ಶುರುವಾದ 2023ರಿಂದ ಪ್ರತಿ ತಿಂಗಳು ಬಿಲ್ ಬಂದ ದಿನ ಮೀಟರಿನ ಫೋಟೋ ತೆಗೆದಿಡುವುದು ಅವರಿಗೆ ರೂಢಿ. ಈ ಯೋಜನೆಯಲ್ಲಿ ಮೇಷ್ಟ್ರ ಮನೆಯಂಥ ಮನೆಗೆ ಎಷ್ಟು ಯೂನಿಟ್ ಉಚಿತ ಎನ್ನುವುದು 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಗೊತ್ತಾಗುತ್ತದೆ. ಮೇಷ್ಟ್ರ ಮನೆಯ ಸರಾಸರಿ 140, ಹಾಗಾಗಿ ಅವರ ಪಾಲಿಗೆ 154 ಯೂನಿಟ್ ಉಚಿತ. ಅದಕ್ಕಿಂತ ಹೆಚ್ಚು ಬಳಸಿದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. ಆದರೆ ಬಳಕೆ 200 ದಾಟಿತೋ, ಉಚಿತದ ಲೆಕ್ಕವೇ ಇಲ್ಲ, ಮೊದಲ ಯೂನಿಟ್‌ನಿಂದ ಪೂರ್ತಿ ಬಿಲ್ ಕಟ್ಟಬೇಕು. ಈ ಗೆರೆ ದಾಟಬಾರದೆಂದೇ ಫೋಟೋ ತೆಗೆಯಲು ತೊಡಗಿದ್ದರು.

ಅಂದು ಸಂಜೆ ಆರಕ್ಕೆ ಪೆಟ್ಟಿಗೆಯ ಬಾಗಿಲು ತೆಗೆದು, ಗಾಜಿನ ಮೇಲಿನ ಧೂಳನ್ನು ಟವೆಲ್ಲಿನಿಂದ ಒರೆಸಿದರು. ಈಗಿನ ಮೀಟರಿನ ಪರದೆ ಒಂದೇ ಅಂಕಿ ತೋರಿಸಿ ನಿಲ್ಲುವುದಿಲ್ಲ. ದಿನಾಂಕ, ಸಮಯ, ವೋಲ್ಟೇಜು, ಮತ್ತೇನೇನೋ ಸಾಲಾಗಿ ಬಂದು ಹೋಗುತ್ತವೆ. ಯೂನಿಟ್ ಎಂದರೆ kWh ಎಂದು ಪಕ್ಕದಲ್ಲಿ ಮೂಡುವ ಅಂಕಿ. ಕೆಲವು ಮೀಟರುಗಳಲ್ಲಿ kVAh ಎಂದು ಇನ್ನೊಂದು ಅಂಕಿಯೂ ಬರುತ್ತದೆ, ಅದು ಸಾಮಾನ್ಯವಾಗಿ ಇದಕ್ಕಿಂತ ತುಸು ದೊಡ್ಡದು. ಮೇಷ್ಟ್ರು kWh ಬರುವವರೆಗೆ ಕಾದು, ಫ್ಲ್ಯಾಶ್ ಆರಿಸಿ, ಮೀಟರಿನ ಮೇಲೆ ಅಚ್ಚಾಗಿರುವ ಸಂಖ್ಯೆಯೂ ಕಾಣುವ ಹಾಗೆ ಎದುರಿಗೆ ನಿಂತು ಒಂದು ಫೋಟೋ ತೆಗೆದರು. ದಿನಾಂಕ, ಸಮಯ ಬಂದಾಗ ಒಂದೊಂದು.

ಒಳಗೆ ಬಂದು ಬಿಲ್ ಪಕ್ಕದಲ್ಲಿಟ್ಟು ನೋಡಿದರು. ಬಿಲ್ಲಿನಲ್ಲಿ ಹಿಂದಿನ ಮಾಪನ 6,681. ಜುಲೈ 5ರ ಫೋಟೋದಲ್ಲೂ ಅದೇ ಇದೆ, ಅಲ್ಲಿಗೆ ತಪ್ಪು ಹಳೆಯದಲ್ಲ. ಬಿಲ್ಲಿನಲ್ಲಿ ಇಂದಿನ ಮಾಪನ 6,892. ಈಗ ತೆಗೆದ ಫೋಟೋದಲ್ಲಿ 6,853.9.

ಬೆಳಿಗ್ಗೆ 6,892 ಇದ್ದ ಮೀಟರು ಸಂಜೆ 6,853ಕ್ಕೆ ಇಳಿಯುವುದುಂಟೆ? ಈ ಅಂಕಿ ಮುಂದಕ್ಕೆ ಹೋಗುವುದೇ ಹೊರತು ಹಿಂದಕ್ಕೆ ಬರುವುದಿಲ್ಲ. ದಿನಕ್ಕೆ ಐದೂವರೆ ಯೂನಿಟ್ ಉರಿಯುವ ಮನೆಯಲ್ಲಿ ಬೆಳಗಿನಿಂದ ಸಂಜೆಗೆ ಒಂದೂವರೆ ಯೂನಿಟ್ ಕಳೆದರೆ, ರೀಡರ್ ಬಂದಾಗ ಅಲ್ಲಿದ್ದದ್ದು 6,852. ಆ 5 ಅವನ ಕಣ್ಣಿಗೆ 9 ಆಗಿ ಕಂಡಿದೆ. ಏಳು ಗೀಟುಗಳಲ್ಲಿ ಅಂಕಿ ಮೂಡಿಸುವ ಈ ಪರದೆಯಲ್ಲಿ 5ಕ್ಕೂ 9ಕ್ಕೂ ಇರುವ ವ್ಯತ್ಯಾಸ ಬಲಗಡೆ ಮೇಲಿನ ಒಂದೇ ಒಂದು ಗೀಟು. ಧೂಳು ಹಿಡಿದ ಗಾಜು, ಎದುರು ಬಿಸಿಲು, ಇನ್ನೂ ನೋಡಬೇಕಾದ ಎಷ್ಟೋ ಮನೆ. ಆ ಹುಡುಗನ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

ಮರುದಿನ ಬೀದಿಯಲ್ಲಿ ಸಿಕ್ಕ ಅವನೇ ಫೋಟೋ ನೋಡಿ ತಲೆ ಕೆರೆದುಕೊಂಡ. "ಹೌದು ಸಾರ್, ತಪ್ಪಾಗಿದೆ. ಆದ್ರೆ ಏನೂ ತೊಂದ್ರೆ ಇಲ್ಲ, ಮುಂದಿನ ತಿಂಗಳು ತಾನಾಗೇ ಸರಿಹೋಗುತ್ತೆ."

ಈ ಮಾತು ಅರ್ಧ ನಿಜ. ಈ ತಿಂಗಳು 40 ಯೂನಿಟ್ ಹೆಚ್ಚು ಬರೆದರೆ ಮುಂದಿನ ತಿಂಗಳ ಲೆಕ್ಕ 6,892ರಿಂದ ಶುರುವಾಗಿ 40 ಯೂನಿಟ್ ಕಡಿಮೆ ಬರುತ್ತದೆ. ಎಲ್ಲ ಯೂನಿಟ್‌ಗೂ ಒಂದೇ ದರ ಕಟ್ಟುವವರಿಗೆ ಅಲ್ಲಿಗೆ ಯೂನಿಟ್ಟಿನ ದುಡ್ಡು ಸರಿಹೋಯಿತು. ನಡುವೆ 200ರ ಗೆರೆ ಇರುವವರಿಗೆ ಹೋಗುವುದಿಲ್ಲ. ಮೇಷ್ಟ್ರು ಬಿಲ್ಲಿನ ಹಿಂಬದಿಯಲ್ಲೇ ಲೆಕ್ಕ ಹಾಕಿದರು. ಆಗ ಯೂನಿಟ್‌ಗೆ 5 ರೂಪಾಯಿ 90 ಪೈಸೆ. ನಿಜವಾದ ಬಳಕೆ 171 ಯೂನಿಟ್, ಅದರಲ್ಲಿ 154 ಉಚಿತ, ಉಳಿದ 17ಕ್ಕೆ 100 ರೂಪಾಯಿ 30 ಪೈಸೆ. ತಪ್ಪು ಬಿಲ್ಲಿನಲ್ಲಿ 211ಕ್ಕೂ ದುಡ್ಡು, ಯೂನಿಟ್ಟಿನ ಬಾಬ್ತೇ 1,244 ರೂಪಾಯಿ 90 ಪೈಸೆ. ಮುಂದಿನ ತಿಂಗಳು 160 ಉರಿದರೆ ಬಿಲ್ಲಿನಲ್ಲಿ ಬರುವುದು 120, ಅದು ಹೇಗೂ ಉಚಿತದೊಳಗೇ. ಸರಿಯಾಗಿ ಓದಿದ್ದರೆ ಆ ತಿಂಗಳು ಕಟ್ಟಬೇಕಿದ್ದದ್ದು 6 ಯೂನಿಟ್ಟಿನ 35 ರೂಪಾಯಿ 40 ಪೈಸೆ. ಅಂದರೆ ತಾನಾಗೇ ಸರಿಹೋಗುವುದು ಬರೀ 35 ರೂಪಾಯಿ ಚಿಲ್ಲರೆ. ಈ ತಿಂಗಳು ಹೆಚ್ಚಿಗೆ ಹೋದ 1,144 ರೂಪಾಯಿಯಲ್ಲಿ ಉಳಿದದ್ದು ಹೋದಂತೆಯೇ.

ಅದೇ ದಿನ ಅವರು ಕಚೇರಿಗೆ ಹೋದರು. ತಡಮಾಡಲಿಲ್ಲ, ಅದಕ್ಕೆ ಕಾರಣವಿತ್ತು. ಮೀಟರು ನಿಲ್ಲದೆ ಓಡುತ್ತಿರುತ್ತದಲ್ಲ, ಏಳೆಂಟು ದಿನಕ್ಕೆ ಅದೇ 6,892 ಮುಟ್ಟುತ್ತದೆ. ಆಮೇಲೆ ಯಾರು ಬಂದು ನೋಡಿದರೂ ಬಿಲ್ ಸರಿಯಾಗಿಯೇ ಕಾಣುತ್ತದೆ. ಅರ್ಜಿಯಲ್ಲಿ ಆರ್.ಆರ್. ನಂಬರ್, ಮೀಟರ್ ಸಂಖ್ಯೆ, ಎರಡೂ ಫೋಟೋಗಳ ಅಂಕಿ ಮತ್ತು ದಿನಾಂಕ ಬರೆದು, ಫೋಟೋ ಪ್ರಿಂಟು, ಬಿಲ್ಲಿನ ಜೆರಾಕ್ಸ್ ಲಗತ್ತಿಸಿ, ನಕಲಿನ ಮೇಲೆ ಸೀಲು ಹಾಕಿಸಿಕೊಂಡರು. "ಮೇಷ್ಟ್ರೇ, ಮೊದ್ಲು ಬಿಲ್ ಕಟ್ಬಿಡಿ, ಆಮೇಲೆ ನೋಡೋಣ, ಇಲ್ಲಾಂದ್ರೆ ಫ್ಯೂಸ್ ಕೀಳ್ತಾರೆ" ಎಂದರು ಗುಮಾಸ್ತರು. ಅದು ಹಾಗಲ್ಲ. 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ, ಬಿಲ್ಲಿನ ಬಗ್ಗೆ ತಕರಾರು ಇದ್ದರೆ ಕೇಳಿದ ಮೊತ್ತ, ಇಲ್ಲವೇ ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಆಕ್ಷೇಪ ತಿಳಿಸಿ ಕಟ್ಟಿದರೆ ತೀರ್ಮಾನವಾಗುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಅಲ್ಲಿ ನ್ಯಾಯ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್.

ಅಷ್ಟು ದೂರ ಹೋಗಬೇಕಾಗಲಿಲ್ಲ. ಆಗಸ್ಟ್ 8ರ ಮಧ್ಯಾಹ್ನ ಕಚೇರಿಯವರೊಬ್ಬರು ಬಂದು ಪೆಟ್ಟಿಗೆ ತೆರೆದರು. ಮೀಟರಿನಲ್ಲಿ 6,869. ಬಿಲ್ ಕೊಟ್ಟು ಮೂರು ದಿನವಾಗಿದ್ದರೂ ಬಿಲ್ಲಿನ ಅಂಕಿಯನ್ನು ಮೀಟರು ಇನ್ನೂ ಮುಟ್ಟಿರಲಿಲ್ಲ. ಅವರು ಮತ್ತೆ ಮಾತಾಡಲಿಲ್ಲ, ತಾವೂ ಒಂದು ಫೋಟೋ ತೆಗೆದುಕೊಂಡರು.

ತಪ್ಪು ಇನ್ನೊಂದು ದಿಕ್ಕಿಗೆ ಆಗಿದ್ದರೆ ಸಂಜೆಯ ಫೋಟೋ ಇಷ್ಟು ಗಟ್ಟಿ ಸಾಕ್ಷಿ ಆಗುತ್ತಿರಲಿಲ್ಲ. ಬೆಳಿಗ್ಗೆ ಕಡಿಮೆ ಬರೆದು ಹೋಗಿದ್ದರೆ, ಸಂಜೆಗೆ ಹೆಚ್ಚು ಕಂಡದ್ದು ಹಗಲಿನ ಬಳಕೆ ಎಂದುಬಿಡಬಹುದು. ಬಿಲ್ ಕಡಿಮೆ ಬಂತೆಂದು ಹಿಗ್ಗುವಂತೆಯೂ ಇಲ್ಲ, ಬಿಟ್ಟುಹೋದ ಯೂನಿಟ್ ಮುಂದಿನ ತಿಂಗಳ ಮೇಲೆ ಬಿದ್ದು ಅಲ್ಲಿ 200 ದಾಟಿಸಬಹುದು. ಆದ್ದರಿಂದ ಮೇಷ್ಟ್ರು ಈಗ ಸಂಜೆವರೆಗೆ ಕಾಯುವುದಿಲ್ಲ, ರೀಡರ್ ಗೇಟಿನಲ್ಲಿರುವಾಗಲೇ ಫೋಟೋ ತೆಗೆಯುತ್ತಾರೆ.

ತಿದ್ದಿದ ಬಿಲ್ಲು ಎರಡನೇ ವಾರದಲ್ಲಿ ಬಂತು, 171 ಯೂನಿಟ್. ಸೆಪ್ಟೆಂಬರಿನಲ್ಲಿ ಅದೇ ಹುಡುಗ ಬಂದಾಗ ಮನೆಯವರು ಟವೆಲ್ ಹಿಡಿದು ಹೊರಗೆ ಬಂದರು. ಅವನು ಗಾಜು ಒರೆಸಿ, ಒಂದೊಂದೇ ಅಂಕಿ ಜೋರಾಗಿ ಹೇಳಿದ: "ಏಳು, ಸೊನ್ನೆ, ಒಂದು, ಎರಡು." ಮೇಷ್ಟ್ರು ಮೊಬೈಲ್ ಎತ್ತಿ ಹಿಡಿದರು.