ಆಕ್ಚುವರಿ ಪರೀಕ್ಷೆ: ಕೆಲಸದ ಜೊತೆ ಓದಿದ್ರೆ ನಿಜಕ್ಕೂ ಎಷ್ಟು ವರ್ಷ ಬೇಕು?

"ಮೂರೇ ವರ್ಷದಲ್ಲಿ ಆಕ್ಚುವರಿ ಆಗಬಹುದು" ಅನ್ನೋ ಮಾತನ್ನು ನಮ್ಮ ಜಿಲ್ಲೆಯ ಬಿ.ಎಸ್ಸಿ, ಬಿ.ಕಾಂ ಮುಗಿಸಿದ ಹುಡುಗ-ಹುಡುಗಿಯರಲ್ಲಿ ಕೆಲವರಾದರೂ ಕೇಳಿರ್ತಾರೆ. ಬೆಂಗಳೂರಿನಲ್ಲಿ ವಿಮೆ ಲೆಕ್ಕದ ಕೆಲಸಕ್ಕೆ ಸೇರಿದ ಮೇಲೆ ಓದು ಶುರು ಮಾಡುವವರೂ ಇದ್ದಾರೆ. ಅಂಥವರು ಫೀಸು ಕಟ್ಟುವ ಮೊದಲು ಒಂದು ಸರಳ ಲೆಕ್ಕ ಹಾಕಿ ನೋಡೋದು ಒಳ್ಳೇದು.

ನಮ್ಮ ದೇಶದಲ್ಲಿ ಈ ಪರೀಕ್ಷೆ ನಡೆಸೋದು ಇನ್‌ಸ್ಟಿಟ್ಯೂಟ್ ಆಫ್ ಆಕ್ಚುವರೀಸ್ ಆಫ್ ಇಂಡಿಯಾ. ಸಾಮಾನ್ಯವಾಗಿ ಎಸಿಇಟಿ ಎಂಬ ಪ್ರವೇಶ ಪರೀಕ್ಷೆ ಪಾಸಾಗಿ ವಿದ್ಯಾರ್ಥಿ ಸದಸ್ಯರಾಗಬೇಕು. 2019ರ ಪಠ್ಯಕ್ರಮದ ಪ್ರಕಾರ ಫೆಲೋ ಆಗಲು 13 ಪತ್ರಿಕೆ ಪಾಸಾಗಬೇಕು. ವರ್ಷಕ್ಕೆ ಎರಡು ಸರದಿ ಮಾತ್ರ.

13 ಪತ್ರಿಕೆಗಳೂ ಒಂದೇ ತೂಕದವಲ್ಲ. ಸಿಎಸ್‌1, ಸಿಎಂ1, ಸಿಎಸ್‌2, ಸಿಎಂ2, ಸಿಪಿ1, ಎರಡು ಎಸ್‌ಪಿ, ಒಂದು ಎಸ್‌ಎ - ಹೀಗೆ ಎಂಟು ದೊಡ್ಡವು. ಸಿಬಿ ಹೆಸರಿನ ಮೂರು, ಜೊತೆಗೆ ಸಿಪಿ2, ಸಿಪಿ3 ಸೇರಿ ಐದು ಚಿಕ್ಕವು. ದೊಡ್ಡ ಪತ್ರಿಕೆಗೆ 240 ಗಂಟೆ, ಚಿಕ್ಕದಕ್ಕೆ ಅದರ ಅರ್ಧ ಎಂದು ಅಂದಾಜಿಗೆ ಇಟ್ಟುಕೊಳ್ಳೋಣ.

ಈಗ ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ವಾಪಸ್ ಬರುವವರ ಕಥೆ ನೋಡಿ. ದಿನಕ್ಕೆ ಒಂದು ಗಂಟೆ, ಶನಿವಾರ-ಭಾನುವಾರ ಸೇರಿ ಏಳು ಗಂಟೆ ಓದಿದರೆ ವಾರಕ್ಕೆ 12 ಗಂಟೆ ಆಯ್ತು. ಎರಡು ಸರದಿಗಳ ನಡುವೆ 26 ವಾರ ಇರುತ್ತೆ ನಿಜ, ಆದರೆ ಹಬ್ಬ, ಊರಿನ ಮದುವೆ, ಆಫೀಸಿನ ತ್ರೈಮಾಸಿಕ ಲೆಕ್ಕ ಎಲ್ಲ ಕಳೆದರೆ 20 ವಾರ ಸಿಕ್ಕರೆ ದೊಡ್ಡದು. ಒಟ್ಟು 240 ಗಂಟೆ. ಅಂದ್ರೆ ಒಂದು ಸರದಿಗೆ ಒಂದು ದೊಡ್ಡ ಪತ್ರಿಕೆ, ಇಲ್ಲವೇ ಎರಡು ಚಿಕ್ಕವು. ಅಷ್ಟೇ.

ಎಂಟು ದೊಡ್ಡ ಪತ್ರಿಕೆಗೆ ಎಂಟು ಸರದಿ, ಐದು ಚಿಕ್ಕವಕ್ಕೆ ಮೂರು. ಒಂದೂ ಫೇಲ್ ಆಗದಿದ್ದರೂ 11 ಸರದಿ, ಅಂದ್ರೆ ಐದೂವರೆ ವರ್ಷ. ಫೇಲ್ ಆಗದೆ ಮುಗಿಸುವವರು ಅಪರೂಪ. ನಾಲ್ಕು ಸಲ ಫೇಲ್ ಆದರು ಅಂದುಕೊಳ್ಳಿ. ಎರಡನೇ ಸಲಕ್ಕೆ ಅರ್ಧದಷ್ಟು ಓದು ಸಾಕು, ಹಾಗಾಗಿ ಅದನ್ನು ಒಂದು ಚಿಕ್ಕ ಪತ್ರಿಕೆಯ ಜೊತೆ ಜೋಡಿಸಬಹುದು. ಹಾಗೆ ಮಾಡಿದರೆ 13 ಸರದಿ, ಆರೂವರೆ ವರ್ಷ. ನಡುವೆ ಅಸೋಸಿಯೇಟ್ ಹಂತ ಇದೆ. ಎಸ್‌ಪಿ, ಎಸ್‌ಎ ಬಿಟ್ಟು ಉಳಿದ ಹತ್ತು ಪತ್ರಿಕೆಗೆ ಇದೇ ಲೆಕ್ಕದಲ್ಲಿ ನಾಲ್ಕು ವರ್ಷ. ಮೂರು ವರ್ಷ ಅನ್ನೋದು ಕೆಲಸ ಇಲ್ಲದೆ ಪೂರ್ತಿ ಓದುವವರ ಲೆಕ್ಕ, ಅದೂ ಎಲ್ಲ ಸರಿಯಾದರೆ.

ಸರಿ, ವಿನಾಯಿತಿ ಸಿಕ್ಕರೆ? ಡಿಗ್ರಿಯಲ್ಲಿ ಸ್ಟಾಟಿಸ್ಟಿಕ್ಸ್ ಓದಿದ್ದೀನಿ, ಒಂದೆರಡು ಪತ್ರಿಕೆ ಬಿಟ್ಟುಬಿಡ್ತಾರೆ ಅಂತ ಹಲವರು ನಂಬಿರ್ತಾರೆ. ಅದು ತಾನಾಗಿ ಬರುವುದಿಲ್ಲ, ಪತ್ರಿಕೆವಾರು ಅರ್ಜಿ ಹಾಕಿ ಕೇಳಬೇಕು. ಸಿಕ್ಕರೂ ಯಾವ ಪತ್ರಿಕೆಗೆ ಸಿಕ್ಕಿತು ಅನ್ನೋದು ಮುಖ್ಯ. ಎರಡು ಚಿಕ್ಕ ಪತ್ರಿಕೆಗೆ ಸಿಕ್ಕರೆ ಉಳಿಯೋದು ಒಂದೇ ಸರದಿ, ಆರು ತಿಂಗಳು. ಸಿಎಸ್‌1ಗೆ ಸಿಕ್ಕರೆ ಒಂದೇ ಪತ್ರಿಕೆಯಿಂದ ಅಷ್ಟೇ ಸಮಯ ಉಳಿಯುತ್ತೆ. ಆದರೆ ಸಿಎಸ್‌1ರ ಪಾಠದ ಮೇಲೇ ಸಿಎಸ್‌2 ನಿಂತಿದೆ. ಬುನಾದಿ ಗಟ್ಟಿ ಇಲ್ಲದೆ ಹಾರಿದರೆ ಉಳಿಸಿದ ಸಮಯ ಅಲ್ಲಿ ಖರ್ಚಾಗುತ್ತೆ.

ಪಾಸಾದ ಪತ್ರಿಕೆಯೂ ಎಲ್ಲ ಕಾಲಕ್ಕೂ ಪೂರ್ತಿ ಉಳಿಯುತ್ತೆ ಅಂತ ಹೇಳೋಕಾಗಲ್ಲ. 2019ರಲ್ಲಿ ಪಠ್ಯಕ್ರಮ ಬದಲಾದಾಗ ಹಳೆಯ ಸಿಟಿ1, ಸಿಟಿ5 ಎರಡೂ ಸೇರಿ ಸಿಎಂ1 ಆಯ್ತು. ಎರಡೂ ಪಾಸಾದವರಿಗೆ ಸಿಎಂ1 ಸಿಕ್ಕಿತು. ಒಂದನ್ನು ಮಾತ್ರ ಮುಗಿಸಿದವರು ಸಿಎಂ1 ಹೊಸದಾಗಿ ಬರೆಯಬೇಕಾಯ್ತು. ಹಾಗಾಗಿ ಓದು ಎಳೆದಷ್ಟೂ ಇಂಥ ಅಪಾಯ ಜಾಸ್ತಿ. ಪಠ್ಯಕ್ರಮ ಬದಲಾವಣೆಯ ಪ್ರಕಟಣೆ ಬಂದರೆ ಜೋಡಿ ಪತ್ರಿಕೆಗಳನ್ನು ಮೊದಲು ಮುಗಿಸಿಕೊಳ್ಳಬೇಕು.

ಸಮಯ ಸದ್ದಿಲ್ಲದೆ ಸೋರುವ ಇನ್ನೊಂದು ಜಾಗ ಫಲಿತಾಂಶಕ್ಕೆ ಕಾಯುವುದು. ಪರೀಕ್ಷೆ ಮುಗಿದು ಫಲಿತಾಂಶ ಬರೋಷ್ಟರಲ್ಲಿ ಹಲವು ವಾರ ಕಳೆದಿರುತ್ತೆ. ಅದು ಬಂದ ಮೇಲೆ ಪುಸ್ತಕ ತೆಗೆದರೆ ಆ 20 ವಾರದಲ್ಲಿ ಏಳೆಂಟು ಹೋಯ್ತು. ಸಿಎಂ1 ಬರೆದು ಬಂದವರು ಫಲಿತಾಂಶಕ್ಕೆ ಕಾಯದೆ ಸಿಎಸ್‌1 ಶುರು ಮಾಡಬೇಕು. ಸಿಎಂ1 ಪಾಸಾದರೂ ಫೇಲಾದರೂ ಸಿಎಸ್‌1 ಹೇಗಿದ್ದರೂ ಓದಲೇಬೇಕಲ್ಲ.

ಸಿಎಂ1, ಸಿಎಸ್‌1 ತರಹದ ಪತ್ರಿಕೆಗೆ ಕಂಪ್ಯೂಟರ್ ಭಾಗವೂ ಇದೆ, ಒಂದಕ್ಕೆ ಎಕ್ಸೆಲ್, ಇನ್ನೊಂದಕ್ಕೆ ಆರ್. ಆಫೀಸಿನಲ್ಲಿ ದಿನವೂ ಎಕ್ಸೆಲ್ ಬಳಸ್ತೀನಿ ಅಂತ ಇದನ್ನು ಕೊನೆ ವಾರಕ್ಕೆ ಬಿಡುವವರು ಇಲ್ಲೇ ಅಂಕ ಕಳ್ಕೊಳ್ತಾರೆ.

ತಯಾರಿ ಸಾಕೋ ಇಲ್ವೋ ತಿಳಿಯೋಕೆ ಸಂಸ್ಥೆಯ ತಾಣದಲ್ಲಿ ಹಳೆಯ ಪ್ರಶ್ನೆಪತ್ರಿಕೆ, ಮಾದರಿ ಉತ್ತರ ಎರಡೂ ಇವೆ. ಪರೀಕ್ಷೆಗೆ ಆರು ವಾರ ಮುಂಚೆ ಒಂದನ್ನು ಗಡಿಯಾರ ಇಟ್ಟುಕೊಂಡು, ಪುಸ್ತಕ ಮುಚ್ಚಿ ಬರೆಯಿರಿ. ಅರ್ಧ ಪ್ರಶ್ನೆ ಮುಟ್ಟುವಷ್ಟರಲ್ಲೇ ಸಮಯ ಮುಗಿದರೆ ಆ ಸರದಿಗೆ ಎರಡನೇ ಪತ್ರಿಕೆಯ ಆಸೆ ಬಿಟ್ಟು ಇದೊಂದಕ್ಕೇ ಕೂರುವುದು ಲೇಸು.