ಛಾಯಾಚಿತ್ರದಿಂದ ಸರತಿಯ ಕಾಲವನ್ನು ಅಳೆಯುವ ಬಗೆ

೨೦೧೬ರ ನವೆಂಬರ್ ೮ರಂದು ಐನೂರು ಮತ್ತು ಸಾವಿರ ರೂಪಾಯಿಗಳ ಅಂದಿನ ನೋಟುಗಳ ರದ್ದತಿ ಘೋಷಿತವಾಯಿತು. ಅವುಗಳನ್ನು ಬ್ಯಾಂಕಿನ ಕೌಂಟರಿನಲ್ಲಿ ಬದಲಾಯಿಸಿಕೊಳ್ಳಲು ಆ ತಿಂಗಳ ೧೦ರಿಂದ ೨೪ರವರೆಗೆ ಅವಕಾಶವಿದ್ದಿತು. ಆ ದಿನಗಳ ಸಾಲುಗಳ ಛಾಯಾಚಿತ್ರಗಳು ಹೇರಳವಾಗಿ ಉಳಿದಿವೆ. ಜನರು ಗಂಟೆಗಟ್ಟಲೆ ನಿಂತರೆಂಬ ಮಾತನ್ನು ಎಲ್ಲರೂ ಆಡುತ್ತಾರೆ. ಎಷ್ಟು ಗಂಟೆ ಎಂಬುದನ್ನು ಚಿತ್ರದಿಂದಲೇ ತಿಳಿಯಲಾದೀತೇ ಎಂಬುದು ನಮ್ಮ ಪ್ರಶ್ನೆ.

ಒಂದು ಚಿತ್ರವನ್ನು ಕಲ್ಪಿಸಿಕೊಳ್ಳೋಣ. ಬ್ಯಾಂಕಿನ ಆವರಣದ ಗೋಡೆಯನ್ನು ಅನುಸರಿಸಿ ಗಂಡಸರ ಸಾಲು ನಿಂತಿದೆ. ಕ್ಯಾಮರಾಕ್ಕೆ ಸಮೀಪದಲ್ಲಿರುವವರನ್ನು ತಲೆಯೆಣಿಸಿ ಲೆಕ್ಕ ಹಾಕಬಹುದು. ದೂರದವರು ಒಬ್ಬರ ಹಿಂದೊಬ್ಬರು ಮರೆಯಾಗಿ ಒಂದೇ ಮುದ್ದೆಯಾಗಿ ಕಾಣುತ್ತಾರೆ. ಆದ್ದರಿಂದ ತಲೆಗಳಿಗಿಂತ ಗೋಡೆಯ ಕಂಬಗಳೇ ನಂಬಿಕೆಗೆ ಅರ್ಹವಾದವು. ಎರಡು ಕಂಬಗಳ ನಡುವಣ ಅಂತರ ೩ ಮೀಟರು, ಅಲ್ಲಿ ನಿಂತವರು ೬ ಮಂದಿ ಎಂದಾದರೆ ತಲಾ ಅರ್ಧ ಮೀಟರು. ಸಾಲು ೧೪ ಅಂತರಗಳಷ್ಟು ಹಬ್ಬಿದ್ದರೆ ಅದರ ಉದ್ದ ೪೨ ಮೀಟರು, ಜನ ೮೪. ಎರಡು ಕೌಂಟರುಗಳಿದ್ದು, ಗುರುತಿನ ಚೀಟಿ ನೋಡಿ ಹಣ ಎಣಿಸಿ ಕೊಡಲು ಒಬ್ಬನಿಗೆ ೪ ನಿಮಿಷ ಹಿಡಿದರೆ ಗಂಟೆಗೆ ೩೦ ಜನರ ಕೆಲಸ ಮುಗಿಯುತ್ತದೆ. ೮೪ನ್ನು ೩೦ರಿಂದ ಭಾಗಿಸಿದರೆ ಕೊನೆಯವನ ಸರದಿ ಮುಗಿಯಲು ೨ ಗಂಟೆ ೪೮ ನಿಮಿಷ.

ಆದರೆ ನಮ್ಮಲ್ಲಿ ಹೆಂಗಸರಿಗೆ ಪ್ರತ್ಯೇಕ ಸಾಲು ಇರುವುದುಂಟು; ಅದು ಚಿತ್ರದ ಅಂಚಿನಾಚೆ ಉಳಿದಿರಬಹುದು. ಅಲ್ಲಿ ೩೦ ಮಂದಿಯಿದ್ದು ಇಲ್ಲೊಬ್ಬರು ಅಲ್ಲೊಬ್ಬರಂತೆ ಒಳಗೆ ಬಿಟ್ಟರೆ, ಮೊದಲ ಎರಡು ಗಂಟೆ ಗಂಡಸರ ಸಾಲು ಗಂಟೆಗೆ ೧೫ರಂತೆ ಮಾತ್ರ ಸರಿಯುತ್ತದೆ. ಉಳಿದ ೫೪ ಜನರಿಗೆ ಮತ್ತೆ ೧ ಗಂಟೆ ೪೮ ನಿಮಿಷ. ಒಟ್ಟು ೩ ಗಂಟೆ ೪೮ ನಿಮಿಷ. ಚಿತ್ರ ಬ್ಯಾಂಕು ತೆರೆಯುವುದಕ್ಕೆ ಮುನ್ನ ತೆಗೆದದ್ದಾದರೆ ಆ ಕಾಲವನ್ನೂ ಕೂಡಿಸಬೇಕು.

ತಲೆಯೆಣಿಕೆಯಲ್ಲಿ ಹತ್ತರಲ್ಲೊಂದು ಪಾಲು ತಪ್ಪಿದರೆ ಉತ್ತರದಲ್ಲೂ ಅಷ್ಟೇ ತಪ್ಪು. ಆದರೆ ೪ ನಿಮಿಷದ ಬದಲು ೩ ಅಥವಾ ೫ ಎಂದು ಹಿಡಿದರೆ ಅದೇ ಉತ್ತರ ಸುಮಾರು ೨ ಗಂಟೆ ೫೦ ನಿಮಿಷದಿಂದ ೪ ಗಂಟೆ ೪೫ ನಿಮಿಷದವರೆಗೆ ಓಲಾಡುತ್ತದೆ. ಎಣಿಕೆಗೆ ಗಂಟೆಗಟ್ಟಲೆ ಶ್ರಮಿಸಿ ಈ ನಿಮಿಷಗಳನ್ನು ಊಹೆಗೆ ಬಿಡುವುದು ವಿವೇಕವಲ್ಲವೆಂದು ನಾವು ಭಾವಿಸುತ್ತೇವೆ. ಅದೇ ಸಾಲಿನ ಎರಡನೆಯ ಚಿತ್ರ ದೊರೆತರೆ ಅದು ದೊಡ್ಡ ಭಾಗ್ಯ. ಕೆಂಪು ರುಮಾಲಿನವನೊಬ್ಬ ೪೦ ನಿಮಿಷದಲ್ಲಿ ೫ ಮೀಟರು ಮುಂದೆ ಸರಿದಿದ್ದರೆ, ಅವನ ಮುಂದಿನ ೧೦ ಜನ ಹೋದರೆಂದು ಅರ್ಥ. ಎಂದರೆ ಗಂಟೆಗೆ ೧೫. ಬೇಸತ್ತು ಮನೆಗೆ ಹೋದವರೂ ನಡುವೆ ನುಸುಳಿದವರೂ ಈ ಸರಿತದೊಳಗೇ ಸೇರಿರುತ್ತಾರೆ.

ನಗದು ಮುಗಿದು ಬಾಗಿಲು ಮುಚ್ಚಿದ ದಿನ ಮಾತ್ರ ಈ ಭಾಗಾಕಾರ ನಿಲ್ಲದು. ಅಂದು ಸಾಲಿನ ತುದಿಯಲ್ಲಿದ್ದವರು ಎಷ್ಟು ಕಾದರೆಂಬುದಕ್ಕೆ ಶಾಖೆಯ ಆ ದಿನದ ನಗದು ಲೆಕ್ಕವನ್ನೇ ಹುಡುಕಬೇಕಾಗುತ್ತದೆ.