ತಿಳಿಸಾರು, ಗಟ್ಟಿ ಹುಳಿ ಮತ್ತು ಎರಡು ಗ್ಲಾಸ್ ವೈನ್

ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ಕೆಲಸ ಹುಡುಕುತ್ತಿದ್ದ ಸಮಯ. ಬನಶಂಕರಿಯ ರೂಮಿನಿಂದ ಹೊರಟು ಜೆ.ಪಿ. ನಗರದ ರೆಸ್ಟೊರೆಂಟ್ ಒಂದಕ್ಕೆ ಇಂಟರ್‌ವ್ಯೂಗೆ ಹೋಗಿದ್ದೆ. ಬಾರ್‌ನ ಮಂದ ಬೆಳಕಿನಲ್ಲಿ ಮ್ಯಾನೇಜರ್ ಎರಡು ಗ್ಲಾಸ್ ಕೆಂಪು ವೈನ್ ಮುಂದಿಟ್ಟು, 'ಒಂದು ಕ್ಯಾಬರ್ನೆ ಸುವಿನ್ಯೋನ್, ಇನ್ನೊಂದು ಪಿನೋ ನ್ವಾರ್. ಫುಲ್ ಬಾಡಿ ಯಾವುದು ಹೇಳಿ' ಎಂದರು.

ಒಂದೊಂದು ಗುಟುಕನ್ನು ಬಾಯಲ್ಲಿ ಆಡಿಸಿ ಉಗುಳಿದೆ. ಮೊದಲನೆಯದು ಚುರುಚುರು ಉರಿಯಿತು. ಎರಡನೆಯದು ತಣ್ಣಗಿತ್ತು, ನಾಲಿಗೆಯನ್ನು ಒಣಗಿಸಿತು ಅಷ್ಟೆ. 'ಮೊದಲನೆಯದು ಸಾರ್' ಎಂದೆ. ಅದು ಪಿನೋ ನ್ವಾರ್ ಆಗಿತ್ತು!

ಅವರು ನಕ್ಕು ಹೇಳಿದರು: 'ಉರಿ ಬೇರೆ, ಬಾಡಿ ಬೇರೆ. ಬಾಡಿ ಅಂದರೆ ಬಾಯಲ್ಲಿ ಅನಿಸುವ ತೂಕ. ತಿಳಿಸಾರಿಗೂ ತೊಗರಿಬೇಳೆಯ ಗಟ್ಟಿ ಹುಳಿಗೂ ಇರುವ ವ್ಯತ್ಯಾಸ.'

ವೈನ್‌ಗೆ ಆ ತೂಕ ಕೊಡುವುದು ಆಲ್ಕೋಹಾಲ್ ಮತ್ತು ಹಣ್ಣಿನಿಂದ ಇಳಿದ ಸತ್ವ. ಈ ದ್ರಾಕ್ಷಿಗಳ ರಸಕ್ಕೆ ಬಣ್ಣವೇ ಇಲ್ಲ. ರಸದಲ್ಲಿ ಸಿಪ್ಪೆ ನೆನೆದಾಗ ಕೆಂಪು ಬಣ್ಣವೂ, ಅಡಿಕೆ ಅಗಿದಾಗ ಸಿಗುವಂಥ ಒಗರೂ ಬರುತ್ತವೆ. ಕ್ಯಾಬರ್ನೆಯ ಹಣ್ಣು ಸಣ್ಣದು, ಸಿಪ್ಪೆ ದಪ್ಪ. ರಸ ಕಡಿಮೆ, ಸಿಪ್ಪೆ ಹೆಚ್ಚು. ಹಾಗಾಗಿ ವೈನ್ ಗಾಢ. ಪಿನೋದ ಸಿಪ್ಪೆ ತೆಳು. ಅದು ತಂಪು ಹವೆಯ ಹಣ್ಣು, ಬಿಸಿಲು ಜಾಸ್ತಿಯಾದರೆ ಅದರ ಪರಿಮಳ ಹಾಳಾಗುತ್ತದೆ. ನಮ್ಮ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ತೋಟದಲ್ಲಿ ಕ್ಯಾಬರ್ನೆ ಒಗ್ಗಿಕೊಂಡಿರುವುದಕ್ಕೆ ಅದರ ಗಟ್ಟಿ ಸಿಪ್ಪೆಯೂ ಒಂದು ಕಾರಣ.

ಅವರು ಗ್ಲಾಸ್‌ಗಳನ್ನು ಕಿಟಕಿಯ ಬಳಿ ಒಯ್ದು, ಮೆನು ಕಾರ್ಡ್ ಮೇಲೆ ಓರೆಯಾಗಿ ಹಿಡಿದರು. ಪಿನೋದ ಮೂಲಕ ಅಕ್ಷರಗಳು ಓದಲು ಬಂದವು. ಕ್ಯಾಬರ್ನೆಯ ಮೂಲಕ ಏನೂ ಕಾಣಲಿಲ್ಲ. ಎಲ್ಲ ತಳಿಗಳಲ್ಲೂ ಬಣ್ಣವನ್ನೇ ನಂಬುವಂತಿಲ್ಲ, ಆದರೆ ಈ ಜೋಡಿಯಲ್ಲಿ ಸಾಮಾನ್ಯವಾಗಿ ಈ ಗುರುತು ತಪ್ಪುವುದಿಲ್ಲ.

ಹಾಗಾದರೆ ನಾನು ಮೋಸಹೋಗಿದ್ದೆಲ್ಲಿ? ಪಿನೋ ಬಾಟಲಿ ಏಪ್ರಿಲ್ ಸೆಕೆಯಲ್ಲಿ ಕೌಂಟರ್ ಮೇಲಿತ್ತು, ಕ್ಯಾಬರ್ನೆ ಫ್ರಿಜ್‌ನಲ್ಲಿತ್ತು. ವೈನ್ ಬೆಚ್ಚಗಾದರೆ ಆಲ್ಕೋಹಾಲ್ ಮುಂದೆ ಬಂದು ಉರಿಸುತ್ತದೆ. ತೀರಾ ತಣ್ಣಗಾದರೆ ಪರಿಮಳ ಅಡಗಿ, ಒಗರು ಮಾತ್ರ ಉಳಿಯುತ್ತದೆ. ಪಿನೋಗೆ ಸುಮಾರು 14 ಡಿಗ್ರಿ, ಕ್ಯಾಬರ್ನೆಗೆ 17 ಡಿಗ್ರಿ ಸರಿ. 'ರೂಮ್ ಟೆಂಪರೇಚರ್' ಎಂಬ ಮಾತು ಯುರೋಪಿನ ತಣ್ಣನೆ ಮನೆಗಳದ್ದು, ಬೆಂಗಳೂರಿನ ಬೇಸಿಗೆಯದ್ದಲ್ಲ.

ಆ ಕೆಲಸ ಸಿಗಲಿಲ್ಲ. ತಿಂಗಳ ನಂತರ ಜಯನಗರದಲ್ಲಿ ಮತ್ತೊಂದು ಇಂಟರ್‌ವ್ಯೂ, ಮತ್ತೆ ಎರಡು ಗ್ಲಾಸ್. ಈ ಸಲ ರುಚಿ ನೋಡುವ ಮೊದಲು ಎರಡನ್ನೂ ಮುಟ್ಟಿ ನೋಡಿದೆ. ಒಂದು ಐಸ್‌ನಂತಿತ್ತು. 'ಸಾರ್, ಇದನ್ನು ಹತ್ತು ನಿಮಿಷ ಹೊರಗೆ ಬಿಡೋಣವೇ?' ಎಂದೆ.

ಅವರು ಗ್ಲಾಸ್ ಪಕ್ಕಕ್ಕಿಟ್ಟು, 'ಯಾವತ್ತಿನಿಂದ ಬರ್ತೀರಾ?' ಎಂದು ಕೇಳಿದರು.